ಮಂಗಳವಾರದ ದರ

ಈ ಸಲ ಈರುಳ್ಳಿ ಮಾರುವ ದಿನವನ್ನು ನಾನು ಗೊತ್ತು ಮಾಡುತ್ತೇನೆ ಎಂದು ಹೇಳಿದಾಗ ನಮ್ಮವರು ತುತ್ತು ಕೈಯಲ್ಲಿ ಹಿಡಿದುಕೊಂಡೇ ಅವರಮ್ಮನ ಮುಖ ನೋಡಿದರು. ಮದುವೆಯಾಗಿ ಹತ್ತೊಂಬತ್ತು ವರ್ಷ. ನಾನು ಮಾತಾಡಿದಾಗಲೆಲ್ಲ ಅವರು ಮೊದಲು ನೋಡುವುದು ಅವರಮ್ಮನ ಮುಖವನ್ನೇ.

"ಯಾಕೆ, ನಾನು ಸತ್ತೋದ್ನಾ?" ಅಂದರು ಅತ್ತೆ.

"ನೀವು ನೂರು ವರ್ಷ ಇರಿ. ಸಾಯ್ತಾ ಇರೋಳು ನಾನು, ಆ ಶೆಡ್ಡಲ್ಲಿ ಕೂತು."

ಒರಟಾಗಿ ಹೇಳಿದೆ, ನಿಜ. ಆದರೆ ಸಾಕಾಗಿಹೋಗಿತ್ತು. ನಮ್ಮ ಮನೆಯಲ್ಲಿ ಬಿತ್ತುವುದು ಗಂಡ, ಕಳೆ ತೆಗೆಯುವುದು ನಾನು, ಕೀಳುವುದು ಇಬ್ಬರೂ, ಕಿತ್ತ ಮೇಲೆ ಎರಡು ಮೂರು ತಿಂಗಳು ಶೆಡ್ಡಿನಲ್ಲಿ ಕೂತು ಕೊಳೆತದ್ದನ್ನು ಆರಿಸುವುದು ಮತ್ತೆ ನಾನು. ಮಾರುವ ದಿನ ಗೊತ್ತು ಮಾಡುವುದು ಮಾತ್ರ ಅತ್ತೆ. ಮಾವ ತೀರಿಕೊಂಡ ಮೇಲೆ ಅದು ಅವರ ಪಟ್ಟ. ಮಂಡಿಯವನಿಗೆ ಫೋನು ಮಾಡಿ "ಏನಪ್ಪಾ, ಹೆಂಗಿದೆ?" ಅನ್ನುತ್ತಾರೆ. ಅವನು ಯಾವ ದಿನ ಕೇಳಿದರೂ "ತನ್ನಿ ಅಮ್ಮಾ, ಚೆನ್ನಾಗಿದೆ" ಅನ್ನುತ್ತಾನೆ. ಇವರು ಫೋನಿಟ್ಟು "ಇನ್ನೊಂದು ವಾರ ನೋಡೋಣ" ಅನ್ನುತ್ತಾರೆ. ಹೋದ ವರ್ಷ ಹಾಗೆ ನೋಡುತ್ತ ನೋಡುತ್ತ ಮೂರರಲ್ಲಿ ಒಂದು ಪಾಲು ಮೊಳಕೆ ಬಂತು, ದರವೂ ನೆಲ ಕಚ್ಚಿತು. ಅತ್ತೆ ಏನಂದರು? "ಕಾಲ ಕೆಟ್ಟಿತ್ತು" ಅಂದರು. ಕಾಲದ ತಲೆಗೆ ಕಟ್ಟಿ ಕೈ ತೊಳೆದುಕೊಂಡರು. ಆ ಮೊಳಕೆ ಬಂದ ಗಡ್ಡೆಗಳನ್ನೆಲ್ಲ ಹೊತ್ತು ತಿಪ್ಪೆಗೆ ಸುರಿದದ್ದು ಕಾಲವಲ್ಲ, ನಾನು.

ಅದಕ್ಕೇ ಹಟ ಹಿಡಿದೆ. ದಿನ ನಾನು ಗೊತ್ತು ಮಾಡಬೇಕು, ಇಲ್ಲದಿದ್ದರೆ ನಾಳೆಯಿಂದ ಶೆಡ್ಡಿಗೆ ಕಾಲಿಡುವುದಿಲ್ಲ ಅಂದೆ.

ಅತ್ತೆ ಬಹಳ ಹೊತ್ತು ತಟ್ಟೆಯ ಅಂಚನ್ನೇ ಒರೆಸುತ್ತ ಕೂತರು. ಆಮೇಲೆ, "ಆಯ್ತು. ಒಂದೇ ಸಲ. ಸರಿಹೋದ್ರೆ ಮುಂದಕ್ಕೂ ನೀನೇ ನೋಡ್ಕೋ. ತಪ್ಪಿತು ಅಂದ್ರೆ ಇನ್ಮೇಲೆ ಈ ವಿಷಯದಲ್ಲಿ ಬಾಯಿ ತೆಗೀಬಾರ್ದು, ಸರಿನಾ?" ಅಂದರು.

"ಸರಿ" ಅಂದೆ. ನಮ್ಮವರು ತುತ್ತನ್ನು ಬಾಯಿಗೆ ಹಾಕಿಕೊಂಡರು.

ಮೊಬೈಲಿನಲ್ಲಿ ದರ ತೋರಿಸುವ ಆಪ್ ಮೊದಲೇ ಇತ್ತು. ಬೆಳೆ ಯಾವುದು, ಮಾರುಕಟ್ಟೆ ಯಾವುದು ಎಂದು ಆರಿಸಿದರೆ ಕ್ವಿಂಟಲಿಗೆ ಮೂರು ದರ ತೋರಿಸುತ್ತದೆ: ಕನಿಷ್ಠ, ಗರಿಷ್ಠ, ಮಾದರಿ. ಕೆಳಗೆ ಎಷ್ಟು ಮಾಲು ಬಂತು ಎಂಬ ಲೆಕ್ಕ. ಮಾದರಿ ಎಂದರೆ ಆ ದಿನ ಬಂದ ಮಾಲಿನಲ್ಲಿ ಹೆಚ್ಚು ಪಾಲು ಹೋದ ದರ. ನಮ್ಮವರು ಯಾವತ್ತೂ ನೋಡುವುದು ಗರಿಷ್ಠವನ್ನು. "ನೋಡು, ಮೂರು ಸಾವಿರ ಮುಟ್ಟಿದೆ!" ಎಂದು ಮುಖ ಅರಳಿಸಿಕೊಂಡು ಬರುತ್ತಾರೆ. ರೀ, ಅದು ಯಾರೋ ಒಬ್ಬ ಪುಣ್ಯಾತ್ಮ ಆರಿಸಿ ಆರಿಸಿ ತಂದ ಹತ್ತು ಮೂಟೆಯ ದರ, ನಮ್ಮ ಮಾಲು ಮಾದರಿಗೆ ಹೋದರೆ ಸಾಕು ಎಂದು ಎಷ್ಟು ಸಲ ಹೇಳಿದ್ದೇನೋ. ಕೇಳಿಸಿಕೊಂಡವರ ಹಾಗೆ ತಲೆಯಾಡಿಸಿ ಮಾರನೆಯ ದಿನ ಮತ್ತೆ ಗರಿಷ್ಠ ಓದುತ್ತಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ದಿನಾ ಸಂಜೆ ನಾಲ್ಕಕ್ಕೆ ಶೆಡ್ಡಿನಿಂದ ಎದ್ದು, ಕೈ ತೊಳೆದು, ಆಪ್ ತೆರೆದು ಒಂದು ಸ್ಕ್ರೀನ್‌ಶಾಟ್ ತೆಗೆದಿಡುವುದು ಎಂದು ನೇಮ ಮಾಡಿಕೊಂಡೆ. ನಾಲ್ಕಕ್ಕೇ ಯಾಕೆಂದರೆ, ಹರಾಜು ಮಧ್ಯಾಹ್ನದೊಳಗೆ ಮುಗಿಯುತ್ತದೆ. ನಾಲ್ಕಕ್ಕೆ ನೋಡಿದರೆ ಆ ದಿನದ ದರ ಬಂದಿರುತ್ತದೆ ಎಂದು ನನ್ನ ಲೆಕ್ಕ. ಆಪಿನ ನೆತ್ತಿಯ ಮೇಲೆ "ಇಂದಿನ ದರ" ಎಂದು ದಪ್ಪಕ್ಷರದಲ್ಲಿ ಬರೆದಿತ್ತು, ಪಕ್ಕದಲ್ಲೇ ಆ ದಿನದ ತಾರೀಖು. ಇನ್ನೇನು ಬೇಕು?

ಆ ನಾಲ್ಕು ವಾರ ಹೇಗೆ ಕಳೆದೆನೋ ನನಗೇ ಗೊತ್ತು. ಶೆಡ್ಡಿನ ನೆಲ ಪಟ್ಟಿ ಪಟ್ಟಿಯ ಹಲಗೆಯದು, ಕೆಳಗಿನಿಂದ ಗಾಳಿ ಆಡಲಿ ಎಂದು. ಆ ಗಾಳಿಯ ಜೊತೆ ಸಿಪ್ಪೆಯ ದೂಳೂ ಏಳುತ್ತದೆ. ಒಂದೊಂದು ಗಡ್ಡೆಯ ಕತ್ತನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಮೆತ್ತಗಾಗಿದ್ದರೆ ಒಳಗೆ ಕೊಳೆತಿದೆ ಎಂದು ಅರ್ಥ, ತೆಗೆದು ಬುಟ್ಟಿಗೆ ಹಾಕಬೇಕು. ಬಿಟ್ಟರೆ ಪಕ್ಕದ ಹತ್ತನ್ನು ಕೆಡಿಸುತ್ತದೆ. ಕಪ್ಪು ಬೂಷ್ಟು ಹಿಡಿದಿದ್ದರೆ ಬೇರೆ, ಮೊಳಕೆ ಬಂದಿದ್ದರೆ ಬೇರೆ. ಸಂಜೆಯ ಹೊತ್ತಿಗೆ ಸೊಂಟ ನನ್ನದಲ್ಲ, ಕಣ್ಣು ನನ್ನದಲ್ಲ. ಉಗುಳಿದರೆ ಸಿಪ್ಪೆಯ ಬಣ್ಣ. ಕೆಮ್ಮು ಒಂದು ಹಿಡಿಯಿತು ನೋಡಿ, ಬಿಡಲೇ ಇಲ್ಲ. ಊಟದ ಹೊತ್ತಿನಲ್ಲಿ ನಾನು ಕೆಮ್ಮಿದರೆ ಅತ್ತೆ ನೀರಿನ ಲೋಟವನ್ನು ನನ್ನತ್ತ ಸರಿಸುತ್ತಿದ್ದರು. ಒಂದು ಮಾತಿಲ್ಲ. ಒಪ್ಪಂದ ಅಂದರೆ ಒಪ್ಪಂದ.

ಇಪ್ಪತ್ತೆಂಟು ಸ್ಕ್ರೀನ್‌ಶಾಟ್ ಆದಾಗ ಅವನ್ನೆಲ್ಲ ಒಂದೇ ಕಡೆ ಇಟ್ಟು ನೋಡಬೇಕು ಅನ್ನಿಸಿತು. ಮೊಬೈಲಿನಲ್ಲಿ ಒಂದರ ಹಿಂದೆ ಒಂದು ಸರಿಸುತ್ತ ಹೋದರೆ ಐದನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಜೆರಾಕ್ಸ್ ಅಂಗಡಿಗೆ ಹೋದೆ. ಒಂದೊಂದು ಚಿತ್ರದ ಕೆಳಗೂ ಗೊಬ್ಬರದ ಜಾಹೀರಾತು, ಸಾಲದ ಜಾಹೀರಾತು, ಯಾವಳೋ ನಗುತ್ತಿರುವ ಜಾಹೀರಾತು. ಅವರ ನಗುವಿಗೆಲ್ಲ ನಾನ್ಯಾಕೆ ಇಂಕಿನ ದುಡ್ಡು ಕೊಡಲಿ? ಅಂಗಡಿಯ ಬೆಂಚಿನ ಮೇಲೆ ಕೂತು ಇಪ್ಪತ್ತೆಂಟನ್ನೂ ಮೊಬೈಲಿನಲ್ಲೇ ಕೆಳಗಿನಿಂದ ಕತ್ತರಿಸಿದೆ. ಮೇಲಿನ ತಾರೀಖು, ಮೂರು ದರ, ಬಂದ ಮಾಲು, ಇಷ್ಟೇ ಉಳಿಯಿತು. ಒಂದು ಹಾಳೆಗೆ ಏಳು ಹಿಡಿದವು. ವಾರಕ್ಕೊಂದು ಹಾಳೆ, ನಾಲ್ಕೇ ಹಾಳೆ. ಜೆರಾಕ್ಸಿನವನು "ಬುದ್ಧಿವಂತೆ ಅಕ್ಕಾ ನೀವು" ಅಂದ. ಆ ದಿನ ನನಗೂ ಹಾಗೇ ಅನ್ನಿಸಿತ್ತು.

ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಆ ನಾಲ್ಕು ಹಾಳೆಗಳನ್ನು ಒಂದರ ಕೆಳಗೊಂದು ಅಂಟಿಸಿ ಅಡುಗೆಮನೆಯ ಗೋಡೆಗೆ ತೂಗುಹಾಕಿದೆ. ಸೋಮವಾರದ ಕೆಳಗೆ ಸೋಮವಾರ, ಮಂಗಳವಾರದ ಕೆಳಗೆ ಮಂಗಳವಾರ. ಹಾಗೆ ಜೋಡಿಸಿದ ಕೂಡಲೇ ಕಣ್ಣಿಗೆ ಹೊಡೆಯುವಂತೆ ಕಂಡಿತು: ಗುರುವಾರ. ಮಿಕ್ಕ ದಿನವೆಲ್ಲ ಸಾವಿರದ ಎಂಟುನೂರೈವತ್ತು, ಸಾವಿರದ ಒಂಬೈನೂರು, ಅಷ್ಟರಲ್ಲೇ ಹೊರಳಾಡುತ್ತಿದ್ದ ಮಾದರಿ ದರ ಗುರುವಾರ ಮಾತ್ರ ಎರಡು ಸಾವಿರದ ನೂರೈವತ್ತು, ಎರಡು ಸಾವಿರದ ಇನ್ನೂರು, ಎರಡು ಸಾವಿರದ ನೂರೆಂಬತ್ತು, ಎರಡು ಸಾವಿರದ ಇನ್ನೂರ ನಲವತ್ತು. ನಾಲ್ಕಕ್ಕೆ ನಾಲ್ಕು ಗುರುವಾರ. ಶುಕ್ರವಾರ ಬಂತೆಂದರೆ ಮಾಲು ತುಂಬಿ ತುಳುಕಿ ದರ ಬಿದ್ದಿರುತ್ತಿತ್ತು. ಮಂಗಳವಾರ, ಬುಧವಾರ ಎರಡು ದಿನವೂ ಒಂದೇ ದರ ಇತ್ತು. ಮಂಗಳವಾರ ಮಂಡಿಗೆ ರಜ ಅಲ್ಲವೇ, ಅದಕ್ಕೇ ಇರಬೇಕು ಎಂದುಕೊಂಡು ಮುಂದೆ ಹೋದೆ. ನನ್ನ ಕಣ್ಣೆಲ್ಲ ಗುರುವಾರದ ಮೇಲೆಯೇ ಇತ್ತು.

ಆ ಸಂಜೆ ಅತ್ತೆ ಲೋಟ ಹಿಡಿದುಕೊಂಡು ಬಂದು ಗೋಡೆಯ ಮುಂದೆ ನಿಂತರು. ಅವರಿಗೆ ಅಕ್ಷರ ಅಷ್ಟಕ್ಕಷ್ಟೆ, ಅಂಕಿ ಚೆನ್ನಾಗಿ ಬರುತ್ತದೆ. ಅಡ್ಡ ಸಾಲಿನಲ್ಲಿ ಬೆರಳಿಟ್ಟು ನೋಡುತ್ತ ಹೋದರು. ನಾನು ಒಲೆಯ ಮುಂದೆ ನಿಂತು ಕಾದೆ. ಒಂದು ಮಾತಾದರೂ ಆಡಲಿ, ಪರವಾಗಿಲ್ಲ ಅನ್ನಲಿ ಎಂದು ನನಗೆ ಆಸೆ, ಯಾಕೆ ಸುಳ್ಳು ಹೇಳಲಿ. ಅವರು ಲೋಟ ತೊಳೆದಿಟ್ಟು ಹೊರಟುಹೋದರು.

"ಗುರುವಾರ ಹಾಕೋಣ" ಎಂದು ನಮ್ಮವರಿಗೆ ಹೇಳಿದೆ. ಶೆಡ್ಡಿನಲ್ಲಿ ಆಗ ಅರವತ್ತು ಮೂಟೆಯಷ್ಟು ಮಾಲಿತ್ತು, ಮೂಟೆಗೆ ಐವತ್ತು ಕಿಲೋ. ಬಾಡಿಗೆಯ ಪಿಕಪ್ ಒಂದು ಸಲಕ್ಕೆ ಮೂವತ್ತು ಹೊರುತ್ತದೆ. ಈ ಗುರುವಾರ ಮೂವತ್ತು, ಬರುವ ಗುರುವಾರ ಮೂವತ್ತು, ಅಲ್ಲಿಗೆ ಈ ವರ್ಷದ ಶೆಡ್ಡು ಖಾಲಿ, ನನ್ನ ಕೆಮ್ಮಿಗೂ ರಜ.

ಗುರುವಾರ ನಸುಕಿನಲ್ಲಿ ಹೊರಟೆವು. ಪಿಕಪ್ಪನ್ನು ನಮ್ಮವರೇ ಓಡಿಸಿದರು. ಮಾರುಕಟ್ಟೆಯ ಗೇಟಿನ ಹೊರಗೆ ಗಾಡಿಗಳ ಸಾಲು ಎಷ್ಟು ಉದ್ದವಿತ್ತೆಂದರೆ ಅದರ ಬಾಲ ಹಿಡಿಯಲು ನಾವು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕಾಯಿತು.

"ಏನ್ ಜನ!" ಅಂದರು ನಮ್ಮವರು.

"ಒಳ್ಳೆ ದರ ಇರೋ ದಿನ ಜನ ಇರಲ್ವಾ?" ಅಂದೆ. ಅಂದೆನೇನೋ ಹೌದು, ಕಣ್ಣು ಮಾತ್ರ ಗಾಡಿಗಳನ್ನೇ ಎಣಿಸುತ್ತಿತ್ತು. ಗುರುವಾರದ ಚಿತ್ರಗಳಲ್ಲಿ ಬಂದ ಮಾಲಿನ ಲೆಕ್ಕ ಕಡಿಮೆಯೇ ಇತ್ತು. ಇಷ್ಟು ಗಾಡಿಗಳು ಆ ಲೆಕ್ಕದಲ್ಲಿ ಹೇಗೆ ಹಿಡಿದವು?

ನಮ್ಮ ಸರದಿ ಬಂದಾಗ ಬಿಸಿಲು ನೆತ್ತಿಗೇರಿತ್ತು. ಮಂಡಿಯ ಮುಂದೆ ಮೂವತ್ತು ಮೂಟೆ ಇಳಿಸಿದರು. ಒಂದನ್ನು ಬಿಚ್ಚಿ ನೆಲಕ್ಕೆ ಸುರಿದರು. ಖರೀದಿಯವರು ನಾಲ್ಕೈದು ಜನ ಬಂದು ಸುತ್ತ ನಿಂತರು, ಗಡ್ಡೆ ಎತ್ತಿ ಕತ್ತು ಒತ್ತಿ ನೋಡಿದರು. ನನ್ನ ಹೆಬ್ಬೆರಳು ಒತ್ತಿದ್ದ ಜಾಗವನ್ನೇ ಅವರ ಹೆಬ್ಬೆರಳೂ ಒತ್ತಿತು. ಒಂದೂ ಮೆತ್ತಗಿರಲಿಲ್ಲ. ಆ ಒಂದು ಗಳಿಗೆ ಮಾತ್ರ ನನಗೆ ಹೆಮ್ಮೆಯಾಗಿತ್ತು.

ಕೂಗು ಸಾವಿರದ ಆರುನೂರಕ್ಕೆ ಶುರುವಾಯಿತು. ಏಳುನೂರು. ಏಳುನೂರೈವತ್ತು. ಎಂಟುನೂರು ಬರುವಷ್ಟರಲ್ಲಿ ಇಬ್ಬರು ಪಕ್ಕದ ರಾಶಿಗೆ ಹೊರಟುಹೋಗಿದ್ದರು. ಸಾವಿರದ ಎಂಟುನೂರ ಮೂವತ್ತಕ್ಕೆ ನಿಂತಿತು.

"ಎರಡು ಸಾವಿರದ ಇನ್ನೂರು ಇದೆಯಲ್ಲಪ್ಪಾ ಗುರುವಾರದ ದರ" ಎಂದೆ, ಕೂಗಿದವನಿಗೆ.

ಅವನು ನಗಲಿಲ್ಲ ಕೂಡ. ನಕ್ಕಿದ್ದರೆ ಜಗಳವಾಡಬಹುದಿತ್ತು. "ಒಳಗೆ ಕೇಳಮ್ಮಾ" ಎಂದು ಮುಂದಿನ ರಾಶಿಗೆ ಹೋದ.

ಒಳಗೆ, ಮಂಡಿಯ ಮೂಲೆಯ ಮೇಜಿನ ಹಿಂದೆ, ಕನ್ನಡಕದ ಕಾಲಿಗೆ ದಾರ ಸುತ್ತಿಕೊಂಡಿದ್ದ ಒಬ್ಬ ವಯಸ್ಸಾದ ಗುಮಾಸ್ತರು ಚೀಟಿಗಳನ್ನು ಕಂತೆ ಮಾಡುತ್ತಿದ್ದರು. ಮಡಚಿ ಚೀಲದಲ್ಲಿಟ್ಟುಕೊಂಡು ಹೋಗಿದ್ದ ಕ್ಯಾಲೆಂಡರನ್ನು ಅವರ ಮೇಜಿನ ಮೇಲೆ ಹಾಸಿದೆ. ದರ ಕಡಿಮೆ ಕೊಟ್ಟರೆ ತೋರಿಸಲು ಬೇಕಾಗುತ್ತದೆ ಎಂದು ತಂದದ್ದು. ನಾಲ್ಕು ಗುರುವಾರದ ಮೇಲೂ ಬೆರಳಿಟ್ಟೆ.

"ನೋಡಿ. ನಿಮ್ಮದೇ ಮಾರುಕಟ್ಟೆ. ಇವತ್ತೇನು ನಮಗೆ ಮಾತ್ರ ಬೇರೆ ಗುರುವಾರನಾ?"

ಅವರು ಕನ್ನಡಕ ಸರಿಮಾಡಿಕೊಂಡು ಸಾವಕಾಶವಾಗಿ ನೋಡಿದರು. ಆಮೇಲೆ ಗುರುವಾರವನ್ನು ಬಿಟ್ಟು ಮಂಗಳವಾರದ ಮೇಲೆ ಬೆರಳಿಟ್ಟರು.

"ಸೋಮವಾರ ಸಾವಿರದ ಎಂಟುನೂರ ತೊಂಬತ್ತು ಅಂತ ಇದೆ. ಮಂಗಳವಾರ ಸಾವಿರದ ಒಂಬೈನೂರು. ಮಂಗಳವಾರ ನಾವು ಬಾಗಿಲೇ ತೆಗೆಯಲ್ಲ ತಾಯಿ. ಬಾಗಿಲು ಹಾಕಿದ ಮಂಡಿಗೆ ಹೊಸಾ ದರ ಎಲ್ಲಿಂದ ಬಂತು?"

ಆ ಎರಡು ಅಂಕಿಗಳನ್ನು ನಾನು ಮತ್ತೆ ಓದಿಕೊಂಡೆ.

"ಇಲ್ನೋಡಿ" ಎಂದು ಅವರು ಚೀಟಿಯ ಕಂತೆಯನ್ನು ಎತ್ತಿ ತೋರಿಸಿದರು. "ಇವತ್ತಿನ ಚೀಟಿ ಎಲ್ಲಾ ಮಂಡಿಯಿಂದ ಸೇರಿ, ಕೂಡಿಸಿ, ಆಫೀಸಿಗೆ ಹೋಗೋದು ನಾಳೆ ಬೆಳಿಗ್ಗೆ. ಅವರು ಅದನ್ನ ಹಾಕೋದು ನಾಳೆ ಮಧ್ಯಾಹ್ನ. ನೀವು ನಾಳೆ ನೋಡೋದು ಇವತ್ತಿನ ದರ. ಇವತ್ತು ನೋಡೋದು ನಿನ್ನೇದು. ಗುರುವಾರ ಅಂತ ನೀವು ಅಂಟಿಸಿರೋದೆಲ್ಲ ಬುಧವಾರದ ದರ."

"ಆದ್ರೆ ಮೇಲೆ ತಾರೀಖು..."

"ಅದು ನಿಮ್ಮ ಮೊಬೈಲಿನ ತಾರೀಖು." ಅವರು ತಮ್ಮ ಮೊಬೈಲಿನಲ್ಲಿ ಅದೇ ಆಪ್ ತೆರೆದು ಪರದೆಯ ತಳಕ್ಕೆ ಬೆರಳಿಟ್ಟು ತೋರಿಸಿದರು. ಅಲ್ಲಿ ಅದೇ ಗೊಬ್ಬರದ ಜಾಹೀರಾತು. ಅದಕ್ಕೆ ಅಂಟಿಕೊಂಡ ಹಾಗೆ, ಬೂದಿ ಬಣ್ಣದ ಸಣ್ಣ ಅಕ್ಷರದಲ್ಲಿ ಒಂದು ಸಾಲು: ದರದ ದಿನಾಂಕ. ಅದರ ಮುಂದೆ ಮೂರು ದಿನ ಹಿಂದಿನ ತಾರೀಖು, ಸೋಮವಾರದ್ದು. ನಿನ್ನೆ ಬುಧವಾರದ್ದು ಇನ್ನೂ ಬಂದಿರಲಿಲ್ಲ.

ಇಪ್ಪತ್ತೆಂಟು ಚಿತ್ರದಲ್ಲೂ ಆ ಸಾಲು ಇತ್ತು. ಇಪ್ಪತ್ತೆಂಟರಿಂದಲೂ ನಾನು ಅದನ್ನು ಕತ್ತರಿಸಿ ಎಸೆದಿದ್ದೆ, ಇಂಕು ಉಳಿಸಲು.

"ಬುಧವಾರ ದರ ಯಾಕೆ ಜಾಸ್ತಿ ಅಂದ್ರೆ," ಗುಮಾಸ್ತರು ಇನ್ನೂ ಹೇಳುತ್ತಿದ್ದರು, "ಮಂಗಳವಾರ ರಜ. ಖರೀದಿಯವರ ಹತ್ರ ಮಾಲಿರಲ್ಲ, ದೂರದ ಲಾರಿಗಳು ಅವತ್ತೇ ತುಂಬಬೇಕು. ಆದ್ರೆ ಮಾಲು ತರೋರು ಎಲ್ಲ ಗುರುವಾರ ಬರ್ತಾರೆ. ಈ ಆಪ್ ಬಂದ ಮೇಲಂತೂ ಕೇಳಬೇಡಿ. ನಿಮ್ಮ ಹಾಗೆ ಕಾಗದ ಮಾಡ್ಕೊಂಡು ಬಂದವರು ಯಾರೂ ಇಲ್ಲ ಬಿಡಿ." ಅವರು ಅದನ್ನು ಮೆಚ್ಚುಗೆಯಿಂದಲೇ ಹೇಳಿದರು. ನನಗೆ ಮಾತ್ರ ಆ ಮೇಜಿನ ಕೆಳಗೆ ಹೋಗಿ ಕೂತುಬಿಡೋಣ ಅನ್ನಿಸಿತು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ರಜದ ದಿನ ಮಂಡಿ ಹೊಸ ದರ ಕೊಟ್ಟಿದೆ ಎಂದು ಆಪ್ ಹೇಳಿತು, ನಾನು ಅದನ್ನು ಒಪ್ಪವಾಗಿ ಕತ್ತರಿಸಿ ಅಂಟಿಸಿ ಗೋಡೆಗೆ ಕಟ್ಟಿದೆ.

ಮಾರಿದೆವು. ಇನ್ನೇನು ಮಾಡುವುದು? ಇಳಿಸಿದ ಮೂವತ್ತು ಮೂಟೆ ಮತ್ತೆ ಹೇರಿಕೊಂಡು, ಕೂಲಿ, ಬಾಡಿಗೆ ಎರಡೆರಡು ಸಲ ತೆತ್ತು, ಆರು ದಿನ ಬಿಟ್ಟು ಬರುವ ತ್ರಾಣ ನನಗಿರಲಿಲ್ಲ. ಹದಿನೈದು ಕ್ವಿಂಟಲಿಗೆ ಸುಮಾರು ಆರು ಸಾವಿರ ಹೋಯಿತು. ನಿನ್ನೆ ಬಂದಿದ್ದರೆ ಸಿಗುತ್ತಿತ್ತು. ನಿನ್ನೆ ಇಡೀ ದಿನ ನಾನು ಮೂಟೆಗಳ ಬಾಯಿ ಹೊಲಿಯುತ್ತ ಮನೆಯಲ್ಲೇ ಕೂತಿದ್ದೆ.

ವಾಪಸು ಹೊರಟೆವು. ಖಾಲಿ ಗಾಡಿ ಗುಂಡಿ ಬಿದ್ದಲ್ಲೆಲ್ಲ ದಡಬಡ ಅನ್ನುತ್ತಿತ್ತು. ಆಮೇಲೆ ನಮ್ಮವರು ರಸ್ತೆಯನ್ನೇ ನೋಡುತ್ತ, "ಮಾಲು ಜಾಸ್ತಿ ಬಂದುಬಿಟ್ಟಿತ್ತು, ಅದಕ್ಕೇ ದರ ಬಿತ್ತು ಅಂದುಬಿಡು ಅಮ್ಮಂಗೆ" ಅಂದರು.

ನಾನು ಅವರತ್ತ ತಿರುಗಿದೆ.

"ಸುಳ್ಳೇನಲ್ವಲ್ಲ. ಮಾಲು ಬಂದಿದ್ದು ನಿಜ ತಾನೇ? ಅಮ್ಮನೂ ಹಿಂಗೇ ಅಂತಾಳೆ. ಒಪ್ಕೋತಾಳೆ. ಮುಂದಿನ ವರ್ಷ ಮತ್ತೆ ನೀನೇ ನೋಡ್ಕೋಬಹುದು."

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಪರವಾಗಿ ಒಂದು ಉಪಾಯ ಹುಡುಕಿದ್ದರು ಮನುಷ್ಯ. ಅದೂ ಇಂಥದ್ದು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮನಸ್ಸು ಆಸೆಪಟ್ಟಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಒಂದು ವಾಕ್ಯ ಹೇಳಿದರೆ ಸಾಕು, ದಿನ ಗೊತ್ತು ಮಾಡುವ ಕೆಲಸ ನನ್ನ ಹತ್ತಿರವೇ ಉಳಿಯುತ್ತಿತ್ತು. ನಿಜ ಹೇಳಿದರೆ ಇನ್ನು ಸಾಯುವವರೆಗೂ ಬಾಯಿ ಮುಚ್ಚಿಕೊಂಡು ಕೊಳೆತದ್ದನ್ನು ಆರಿಸುವುದು. ಮನೆ ಬರುವವರೆಗೂ ಆ ವಾಕ್ಯವನ್ನು ಬಾಯೊಳಗೇ ತಿರುಗಿಸುತ್ತಿದ್ದೆ. ಹೇಳಲು ಸುಲಭವಾಗಿತ್ತು. ಕೇಳಲು ಮಾತ್ರ ತೀರಾ ಪರಿಚಿತವಾಗಿತ್ತು: ಕಾಲ ಕೆಟ್ಟಿತ್ತು.

ಅತ್ತೆ ಜಗಲಿಯ ಮೇಲೆ ಕೂತಿದ್ದರು. ಇನ್ನೂ ಬೆಳಕಿತ್ತು. ನಾನು ಚಪ್ಪಲಿ ಬಿಟ್ಟು ಅವರ ಎದುರಿಗೆ ನೆಲದ ಮೇಲೇ ಕೂತೆ. ಕುರ್ಚಿಯವರೆಗೆ ಹೋಗಲೂ ಕಾಲು ಬರುತ್ತಿರಲಿಲ್ಲ.

"ಎಷ್ಟು ಬಂತು?" ಅಂದರು.

"ಸಾವಿರದ ಎಂಟುನೂರ ಮೂವತ್ತು."

ನಮ್ಮವರು ಬಾಗಿಲಲ್ಲಿ ನಿಂತು ನನಗೆ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು, ಹೇಳು, ಹೇಳು ಎಂದು.

"ತಪ್ಪು ನಂದೇ ಅತ್ತೆ" ಅಂದೆ. "ಆಪಿನಲ್ಲಿ ಬರೋದು ಹಿಂದಿನ ದಿನದ ದರ. ತಾರೀಖು ಕೆಳಗಡೆ ಇತ್ತು, ನಾನು ಅದನ್ನೇ ಕತ್ತರಿಸಿ ಹಾಕಿದ್ದೆ. ಗುರುವಾರದ್ದು ಅಂದ್ಕೊಂಡಿದ್ದೆಲ್ಲ ಬುಧವಾರದ್ದು. ಮಾಲು ಜಾಸ್ತಿ ಬಂದಿತ್ತು ನಿಜ, ಆದ್ರೆ ಅದಕ್ಕಲ್ಲ. ನಾನು ನೋಡಿದ್ದೇ ತಪ್ಪು."

ಬಾಗಿಲಲ್ಲಿದ್ದವರು ಒಳಗೆ ಹೋಗಿಬಿಟ್ಟರು.

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು. "ಮಂಗಳವಾರ ಬೇರೆ ದರ ಇತ್ತು" ಅಂದರು ಕೊನೆಗೆ.

ಮೊದಲು ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಮೈಯೆಲ್ಲ ಉರಿಯಿತು. "ನಿಮಗೆ ಗೊತ್ತಿತ್ತಾ?"

"ಅವತ್ತು ಗೋಡೆ ಮೇಲೆ ನೋಡಿದಾಗ್ಲೇ ಅನ್ನಿಸ್ತು. ಮಂಗಳವಾರ ಮಂಡಿನೇ ಇರಲ್ಲ, ದರ ಹೆಂಗೆ ಬದಲಾಯ್ತು ಅಂತ."

"ಮತ್ತೆ ಹೇಳಬಾರ್ದಿತ್ತಾ? ಮೂವತ್ತು ಮೂಟೆ ಅತ್ತೆ! ಮನೇದೇ ಮಾಲು! ನಾನು ಸೋಲಲಿ ಅಂತ ಕೂತಿದ್ರಾ?"

ನನ್ನ ಧ್ವನಿ ರಸ್ತೆಗೆ ಕೇಳಿಸಿರಬೇಕು. ಅತ್ತೆ ಬೆಚ್ಚಲಿಲ್ಲ, ಸಿಟ್ಟಾಗಲೂ ಇಲ್ಲ. ಅವರ ಮುಖ ನೋಡಿದೆ. ಎಪ್ಪತ್ತು ದಾಟಿದ ಮುಖ. ನನ್ನಷ್ಟೇ ಸುಸ್ತಾಗಿ ಕಂಡಿತು.

"ಸ್ವಲ್ಪ ಹಾಗೂ ಇತ್ತು" ಅಂದರು. "ಯಾಕೆ ಸುಳ್ಳು ಹೇಳ್ಲಿ. ಆದ್ರೆ ಪೂರ್ತಿ ಅದೇ ಅಲ್ಲ. ಓದಿದವಳು, ಮೊಬೈಲು ಗೊತ್ತಿರೋಳು, ಅದಕ್ಕೇನೋ ಲೆಕ್ಕ ಇರತ್ತೆ, ನನಗೆ ತಿಳೀದು ಅಂದ್ಕೊಂಡೆ. ಕೇಳಿದ್ರೆ, ನಿಮಗೆ ಗೊತ್ತಾಗಲ್ಲ ಸುಮ್ನಿರಿ ಅಂತಿದ್ದೆ ನೀನು. ಅಂತಿದ್ಯೋ ಇಲ್ವೋ?"

ಅನ್ನುತ್ತಿದ್ದೆ. ಇನ್ನೂ ಒರಟಾಗಿಯೇ ಅನ್ನುತ್ತಿದ್ದೆ. ಕೆಮ್ಮು ಬಂತು, ಕೆಮ್ಮಿದೆ.

ಕೆಮ್ಮು ನಿಲ್ಲುವವರೆಗೆ ಅತ್ತೆ ಕಾದರು. "ದಿನಕ್ಕೆಷ್ಟು ಹೋಗತ್ತೆ ಶೆಡ್ಡಲ್ಲಿ?"

"ಏನು?"

"ಕೊಳೆತಿದ್ದು. ದಿನಕ್ಕೆ ಎಷ್ಟು ತೆಗೀತೀಯಾ?"

ಇಷ್ಟು ವರ್ಷದಲ್ಲಿ ಅವರು ಮೂಟೆಯ ಲೆಕ್ಕ ಕೇಳಿದ್ದರು, ದರ ಕೇಳಿದ್ದರು. ಇದನ್ನು ಕೇಳಿರಲಿಲ್ಲ. "ಒಂದೂವರೆ ಬುಟ್ಟಿ. ಹದಿನೈದು ಕಿಲೋ ಇರಬಹುದು. ಇನ್ನು ಬಿಸಿಲು ಜಾಸ್ತಿಯಾದ್ರೆ ಎರಡು."

"ದಿನಾ?"

"ದಿನಾ."

ಅವರು ತುಟಿ ಅಲ್ಲಾಡಿಸುತ್ತ ಲೆಕ್ಕ ಹಾಕಿದರು. ಹೋದ ವರ್ಷದ ಲೆಕ್ಕವನ್ನೂ ಹಾಕಿದರೋ ಏನೋ, ಬಹಳ ಹೊತ್ತು ಹಿಡಿಯಿತು. "ಬುಧವಾರಕ್ಕೆ ಆರು ದಿನ. ಉಳಿದಿರೋದು ಅರ್ಧ ಮಾಲು, ಒಂದು ಮೂಟೆ ಹತ್ರ ಹೋಗತ್ತೆ. ಹೋದ್ರೂ ಬುಧವಾರದ ದರ ನಿಂತ್ರೆ ಗಿಟ್ಟತ್ತೆ. ನಿಲ್ಲದಿದ್ರೆ ಮಾಲೂ ಹೋಯ್ತು, ದರಾನೂ ಹೋಯ್ತು." ಆಮೇಲೆ, "ಬುಧವಾರಕ್ಕೇ ಗಾಡಿ ಹೇಳೋದು ತಾನೆ?" ಅಂದರು.

ಒಪ್ಪಂದದ ಪ್ರಕಾರ ನಾನೀಗ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹೂಂ ಅಂದು ಎದ್ದು ಹೋಗಿ ಒಲೆ ಹಚ್ಚಬೇಕಿತ್ತು. ಆದರೆ ಆ "ತಾನೆ" ಎಂಬುದು ಜಗಲಿಯ ಮೇಲೆ ಹಾಗೇ ನಿಂತಿತ್ತು, ಅತ್ತೆಯೂ ಎದ್ದು ಹೋಗಿರಲಿಲ್ಲ.

"ನೀವು ಹೇಳ್ತಾ ಇದ್ದೀರೋ, ನನ್ನ ಕೇಳ್ತಾ ಇದ್ದೀರೋ ಅತ್ತೆ?"

ಒಳಗೆ ಪಾತ್ರೆ ಸದ್ದು ಮಾಡುತ್ತಿದ್ದವರು ಸದ್ದು ನಿಲ್ಲಿಸಿದರು. ಅತ್ತೆ ನನ್ನನ್ನು ನೋಡಲಿಲ್ಲ. ಎದುರಿಗೆ, ಬಾಗಿಲು ಅರ್ಧ ತೆರೆದಿದ್ದ ಶೆಡ್ಡನ್ನು ನೋಡುತ್ತಿದ್ದರು.

"ಕೇಳ್ತಾ ಇದ್ದೀನಿ" ಅಂದರು.

ಈ ಒಂದು ಮಾತಿಗಾಗಿ ಎಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದೆ. ಬಂದಾಗ ಖುಷಿಪಡಲು ಮೈಯಲ್ಲಿ ಶಕ್ತಿ ಇರಲಿಲ್ಲ. ಕಣ್ಣು ಮಾತ್ರ ತುಂಬಿಕೊಂಡಿತು, ಅದನ್ನು ಈರುಳ್ಳಿಯ ಮೇಲೆ ಹಾಕುವಂತೆಯೂ ಇರಲಿಲ್ಲ.

"ಈಗ್ಲೇ ಹೇಳಕ್ಕಾಗಲ್ಲ" ಅಂದೆ. "ಉಳಿದ ಮೂವತ್ತು ಎಷ್ಟು ದಿನ ತಡೆಯತ್ತೆ ಅಂತ ಮೊದ್ಲು ನೋಡ್ಬೇಕು. ಬೆಳಿಗ್ಗೆ ಹೇಳ್ತೀನಿ."

"ಸರಿ" ಅಂದರು ಅತ್ತೆ. ಗೋಡೆ ಹಿಡಿದುಕೊಂಡು ಎದ್ದರು. "ಬೆಳಿಗ್ಗೆ ನಂಗೊಂದು ಬುಟ್ಟಿ ಕೊಡು. ನಾನೂ ಕೂರ್ತೀನಿ."